ಎಕ್ಸೆಲ್‌ನ ಒಂದು ಸೆಲ್‌ನಲ್ಲಿ ಎಷ್ಟು ಪದಗಳಿವೆ? LEN ಮತ್ತು SUBSTITUTE ಬಳಸಿ ತಪ್ಪಿಲ್ಲದೆ ಎಣಿಸುವ ಕ್ರಮ

ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕಿರು ಜಾಹೀರಾತುಗಳನ್ನು ಸಂಗ್ರಹಿಸಿ ಪತ್ರಿಕೆಗೆ ಕಳಿಸುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ‘ಸೂತ್ರ ಸರಿಯಾಗಿಯೇ ಹಾಕಿದ್ದೇನೆ, ಆದರೆ ಪದಗಳ ಸಂಖ್ಯೆ ಏಕೆ ತಪ್ಪು ಬರುತ್ತಿದೆ?’ ಹಣ ಪದದ ಲೆಕ್ಕದಲ್ಲಿರುವಾಗ ಒಂದು ಪದ ಹೆಚ್ಚಾದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಒಂದು ಕಡಿಮೆಯಾದರೆ ಅಂಗಡಿಯವನ ಕೈಯಿಂದ ಹೋಗುತ್ತದೆ. ಅವರು ಕಳಿಸಿದ ಹಾಳೆಗಳನ್ನು ತೆರೆದು ನೋಡಿದರೆ ಸೂತ್ರದಲ್ಲಿ ದೋಷ ಇರುವುದು ಅಪರೂಪ. ದೋಷವಿರುವುದು ಪಠ್ಯದಲ್ಲಿ, ಮತ್ತು ಪಠ್ಯವನ್ನು ಶುಚಿಮಾಡುವ ಕೆಲಸದ ಅನುಕ್ರಮದಲ್ಲಿ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. LEN ಮತ್ತು SUBSTITUTE ಸೇರಿಸಿ ಬರೆಯುವ ಈ ಸೂತ್ರ ಪದಗಳನ್ನು ಎಣಿಸುವುದೇ ಇಲ್ಲ. ಅದು ಎಣಿಸುವುದು ಸ್ಪೇಸ್‌ಗಳನ್ನು, ಅಂದರೆ ಪದಗಳ ನಡುವಿನ ಖಾಲಿ ಜಾಗಗಳನ್ನು. ನಾಲ್ಕು ಪದಗಳ ನಡುವೆ ಮೂರು ಸ್ಪೇಸ್ ಇರುತ್ತವೆ. ಮೂರಕ್ಕೆ ಒಂದು ಕೂಡಿಸಿದರೆ ನಾಲ್ಕು. ಇಷ್ಟೇ ಇದರ ಉಪಾಯ. ಮುಂದೆ ಬರುವ ಪ್ರತಿಯೊಂದು ತೊಂದರೆಯೂ ಹುಟ್ಟುವುದು ಇಲ್ಲಿಂದಲೇ: ಎರಡು ಪದಗಳ ನಡುವೆ ಸರಿಯಾಗಿ ಒಂದೇ ಒಂದು ಸ್ಪೇಸ್ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

## ಕೈಗೆತ್ತಿಕೊಳ್ಳುವ ಮುನ್ನ ಬೇಕಾದದ್ದು

ಎಕ್ಸೆಲ್‌ನ ಹಳೆಯ ಆವೃತ್ತಿಯಾದರೂ ಸಾಕು. LEN, SUBSTITUTE, TRIM ಮೂರೂ ಎಲ್ಲ ಆವೃತ್ತಿಗಳಲ್ಲಿವೆ. ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದೇ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತವೆ. UNICHAR ಎಂಬ ಇನ್ನೊಂದು ಮುಂದೆ ಬೇಕಾಗುತ್ತದೆ. ಅದು ಎಕ್ಸೆಲ್ 2013ರಿಂದ ಈಚೆಗೆ ಮಾತ್ರ ಇದೆ. ಅಂಗಡಿಯಲ್ಲಿ 2007 ಅಥವಾ 2010 ಇದ್ದರೆ ಅದರ ಬದಲು CHAR ಬರೆಯಬಹುದು.

ಸೂತ್ರ ಬರೆಯುವಾಗ ಕೀಲಿಮಣೆ ಇಂಗ್ಲಿಷ್‌ನಲ್ಲಿರಬೇಕು. ನುಡಿ ಅಥವಾ ಬೇರೆ ಕನ್ನಡ ತಂತ್ರಾಂಶ ಚಾಲೂ ಇರುವಾಗಲೇ ಸೂತ್ರ ಬರೆಯಲು ಹೊರಡುವುದು ನಮ್ಮಲ್ಲಿ ತೀರ ಸಾಮಾನ್ಯ. ಇನ್ನೊಂದು, ಸೂತ್ರವನ್ನು ವಾಟ್ಸ್ಆ್ಯಪ್‌ನಿಂದಲೋ ವರ್ಡ್ ಕಡತದಿಂದಲೋ ನಕಲು ಮಾಡಿದಾಗ ಉದ್ಧರಣ ಚಿಹ್ನೆಗಳು ಬಾಗಿದ ರೂಪದಲ್ಲಿ ಬಂದಿರುತ್ತವೆ. ಎಕ್ಸೆಲ್‌ಗೆ ನೆಟ್ಟನೆಯ ಚಿಹ್ನೆಯೇ ಬೇಕು. `#NAME?` ಎಂದು ಕಂಡರೆ ಮೊದಲು ನೋಡಬೇಕಾದದ್ದು ಆ ಚಿಹ್ನೆಗಳನ್ನು. ಎಂಟರ್ ಒತ್ತಿದ ಮೇಲೂ ಉತ್ತರದ ಬದಲು ಸೂತ್ರವೇ ಅಕ್ಷರಶಃ ಕಾಣುತ್ತಿದ್ದರೆ ಆ ಸೆಲ್‌ನ ಫಾರ್ಮ್ಯಾಟ್ ‘Text’ ಎಂದಿದೆ. ಅದನ್ನು ‘General’ ಮಾಡಿ, F2 ಒತ್ತಿ, ಮತ್ತೆ ಎಂಟರ್ ಒತ್ತಿ.

## ಹಂತ 1: ಪಠ್ಯವನ್ನು ಒಂದೇ ಸೆಲ್‌ಗೆ ತರುವುದು

ಜಾಹೀರಾತು ಈಗ ಬರುವುದೇ ವಾಟ್ಸ್ಆ್ಯಪ್‌ನಲ್ಲಿ, ಮೂರು ನಾಲ್ಕು ಸಾಲುಗಳಾಗಿ. ಅದನ್ನು ನಕಲು ಮಾಡಿ, A2 ಸೆಲ್ ಆರಿಸಿ ನೇರವಾಗಿ ಅಂಟಿಸಿದರೆ ಎಕ್ಸೆಲ್ ಪ್ರತಿ ಸಾಲನ್ನೂ ಬೇರೆ ಬೇರೆ ಸೆಲ್‌ಗೆ ಇಳಿಸುತ್ತದೆ. A2, A3, A4 ಮೂರೂ ತುಂಬಿ, ಒಂದೇ ಜಾಹೀರಾತು ಮೂರಾಗುತ್ತದೆ. ಕೆಳಗೆ ಮೊದಲೇ ಏನಾದರೂ ಇದ್ದರೆ ಅದರ ಮೇಲೆಯೇ ಬಂದು ಕೂರುತ್ತದೆ.

ಹಾಗಾಗದಿರಲು A2 ಆರಿಸಿದ ಮೇಲೆ F2 ಒತ್ತಿ. ಸೆಲ್‌ನ ಒಳಗೆ ಕರ್ಸರ್ ಮಿಣುಕತೊಡಗಿದ ಬಳಿಕ ಅಂಟಿಸಿ. ಆಗ ಎಲ್ಲ ಸಾಲುಗಳೂ ಒಂದೇ ಸೆಲ್‌ನಲ್ಲಿ ಉಳಿಯುತ್ತವೆ. ಸಾಲುಗಳ ನಡುವಿನ ಮುರಿತವೂ ಒಳಗೇ ಉಳಿಯುತ್ತದೆ. ಅದು ನಾಲ್ಕನೆಯ ಹಂತದಲ್ಲಿ ನಮ್ಮನ್ನು ಕಾಡಲಿದೆ.

A ಕಾಲಂನಲ್ಲಿ ಗಿರಾಕಿ ಕಳಿಸಿದ ಪಠ್ಯ ಹೇಗಿದೆಯೋ ಹಾಗೆಯೇ ಇರಲಿ. ತಿದ್ದುಪಡಿಗಳೆಲ್ಲ B ಮತ್ತು C ಕಾಲಂಗಳಲ್ಲಿ ನಡೆಯಲಿ. ವಿವಾದ ಬಂದಾಗ ‘ನೀವು ಕಳಿಸಿದ್ದು ಇದು’ ಎಂದು ತೋರಿಸಲು ಮೂಲ ಬೇಕಾಗುತ್ತದೆ.

## ಹಂತ 2: ಸೂತ್ರವನ್ನು ಬಿಡಿಸಿ ನೋಡುವುದು

ಇಡೀ ಸೂತ್ರವನ್ನು ಒಮ್ಮೆಗೇ ಬರೆಯುವ ಬದಲು, ಬೇರೊಂದು ಖಾಲಿ ಹಾಳೆಯಲ್ಲಿ ಅದರ ಮೂರು ತುಂಡುಗಳನ್ನು ಬೇರೆ ಬೇರೆಯಾಗಿ ಬರೆದು ನೋಡಿ. ಅಲ್ಲಿ A2ರಲ್ಲಿ ಹೀಗೆ ಬರೆಯಿರಿ: ಇಳಕಲ್ ಸೀರೆ ಸಗಟು ಮಾರಾಟ. ಪಕ್ಕದ ಮೂರು ಸೆಲ್‌ಗಳಲ್ಲಿ ಇವುಗಳನ್ನು ಹಾಕಿ.

```
=LEN(A2)
=SUBSTITUTE(A2," ","")
=LEN(SUBSTITUTE(A2," ",""))
```

ಮೊದಲನೆಯದು 21 ಎನ್ನುತ್ತದೆ. ಇಲ್ಲಿಯೇ ಹಲವರು ಗಾಬರಿಯಾಗುತ್ತಾರೆ. ಬೆರಳು ಮಡಿಸಿ ಎಣಿಸಿದರೆ ಅಕ್ಷರಗಳು ಹನ್ನೆರಡು, ಸ್ಪೇಸ್ ಮೂರು, ಒಟ್ಟು ಹದಿನೈದು ಆಗಬೇಕಲ್ಲ ಎಂಬುದು ಅವರ ತಕರಾರು. LEN ಎಣಿಸುವುದು ನಾವು ಬಾಯಿಂದ ಹೇಳುವ ಅಕ್ಷರಗಳನ್ನಲ್ಲ, ಯೂನಿಕೋಡ್‌ನ ಸಂಕೇತಗಳನ್ನು. ‘ಸೀ’ ಎಂಬುದು ಅದಕ್ಕೆ ‘ಸ’ ಮತ್ತು ದೀರ್ಘದ ಗುರುತು, ಅಂದರೆ ಎರಡು. ‘ಲ್’ ಎಂಬುದು ‘ಲ’ ಮತ್ತು ಅರ್ಧಾಕ್ಷರದ ಗುರುತು, ಅದೂ ಎರಡು. ಹಾಗಾಗಿ ‘ಇಳಕಲ್’ ಐದು, ‘ಸೀರೆ’ ನಾಲ್ಕು, ‘ಸಗಟು’ ನಾಲ್ಕು, ‘ಮಾರಾಟ’ ಐದು. ಹದಿನೆಂಟಕ್ಕೆ ಮೂರು ಸ್ಪೇಸ್ ಸೇರಿ 21.

ಎರಡನೆಯದು ಸ್ಪೇಸ್‌ಗಳನ್ನೆಲ್ಲ ಕಿತ್ತು ಹಾಕಿ ‘ಇಳಕಲ್ಸೀರೆಸಗಟುಮಾರಾಟ’ ಎಂದು ತೋರಿಸುತ್ತದೆ. ಅರ್ಧಾಕ್ಷರದ ಮುಂದಿದ್ದ ಸ್ಪೇಸ್ ಹೋದುದರಿಂದ ‘ಲ್’ ಮತ್ತು ‘ಸೀ’ ಕೂಡಿ ಒತ್ತಕ್ಷರವಾಗಿವೆ. ಕಣ್ಣಿಗೆ ಒಂದಕ್ಷರ ಕಡಿಮೆಯಾದಂತೆ ಕಾಣುತ್ತದೆ, ಆದರೆ ಒಳಗಿನ ಸಂಕೇತಗಳು ಹಾಗೆಯೇ ಇವೆ. ಮೂರನೆಯ ಸೂತ್ರ 18 ಎನ್ನುವುದೇ ಅದಕ್ಕೆ ಸಾಕ್ಷಿ.

ಇಪ್ಪತ್ತೊಂದರಲ್ಲಿ ಹದಿನೆಂಟು ಕಳೆದರೆ ಮೂರು, ಒಂದು ಕೂಡಿಸಿದರೆ ನಾಲ್ಕು ಪದ. LEN ಕೊಡುವ ಸಂಖ್ಯೆ ನಮ್ಮ ಅಕ್ಷರದ ಲೆಕ್ಕಕ್ಕೆ ಹೊಂದದಿದ್ದರೂ ಚಿಂತೆಯಿಲ್ಲ. ಎರಡೂ ಕಡೆ ಅದೇ ಅಳತೆ ಇರುವುದರಿಂದ ಕಳೆದಾಗ ಉಳಿಯುವುದು ಸ್ಪೇಸ್‌ಗಳು ಮಾತ್ರ. ಕನ್ನಡವಾದರೂ ಮರಾಠಿಯಾದರೂ ಈ ಸೂತ್ರ ಒಂದೇ ರೀತಿ ನಡೆಯುವುದು ಇದರಿಂದಲೇ.

```
=LEN(A2)-LEN(SUBSTITUTE(A2," ",""))+1
```

SUBSTITUTEನಲ್ಲಿ ಎರಡು ಜೋಡಿ ಉದ್ಧರಣ ಚಿಹ್ನೆಗಳಿವೆ. ಮೊದಲ ಜೋಡಿಯ ಒಳಗೆ ಒಂದು ಸ್ಪೇಸ್ ಇರಬೇಕು, ಎರಡನೆಯದರ ಒಳಗೆ ಏನೂ ಇರಬಾರದು. ಮೊದಲ ಜೋಡಿಯೊಳಗೆ ಸ್ಪೇಸ್ ಬಿಟ್ಟುಹೋದರೆ ಎಕ್ಸೆಲ್ ದೋಷವೆಂದು ಕೂಗುವುದಿಲ್ಲ. ಹುಡುಕಲು ಏನೂ ಕೊಟ್ಟಿಲ್ಲ ಎಂದು ಪಠ್ಯವನ್ನು ಹಾಗೆಯೇ ಹಿಂದಿರುಗಿಸುತ್ತದೆ. ವ್ಯತ್ಯಾಸ ಸೊನ್ನೆ, ಉತ್ತರ ಒಂದು. ಉದ್ದ ಗಿಡ್ಡ ಎನ್ನದೆ ಎಲ್ಲ ಜಾಹೀರಾತುಗಳಿಗೂ 1 ಎಂದೇ ಬರುತ್ತಿದ್ದರೆ ಮೊದಲು ಈ ಜೋಡಿಯೊಳಗೆ ಕರ್ಸರ್ ಇಟ್ಟು ನೋಡಿ.

## ಹಂತ 3: TRIM, ಅದೂ ಸರಿಯಾದ ಜಾಗದಲ್ಲಿ

ಗಿರಾಕಿ ಎರಡು ಪದಗಳ ನಡುವೆ ಎರಡು ಸ್ಪೇಸ್ ಒತ್ತಿರುತ್ತಾನೆ. ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿರುತ್ತದೆ. ಮೊಬೈಲ್‌ನಲ್ಲಿ ಸೂಚಿಸಿದ ಪದವನ್ನು ಮುಟ್ಟಿ ಆರಿಸುವವರ ಸಂದೇಶದ ಕೊನೆಯಲ್ಲಂತೂ ಸ್ಪೇಸ್ ಇದ್ದೇ ಇರುತ್ತದೆ. TRIM ಹಿಂದೆ ಮುಂದೆ ಇರುವ ಸ್ಪೇಸ್‌ಗಳನ್ನು ತೆಗೆದು, ನಡುವೆ ಎಷ್ಟಿದ್ದರೂ ಒಂದಕ್ಕೆ ಇಳಿಸುತ್ತದೆ.

ತಪ್ಪಾಗುವುದು ಅದನ್ನು ಇಡುವ ಜಾಗದಲ್ಲಿ. ಕೆಲವರು ಕಳೆಯುವ ಕಡೆಯ LEN ಒಳಗೆ ಮಾತ್ರ TRIM ಬರೆಯುತ್ತಾರೆ. ಅಲ್ಲಿ ಅದರಿಂದ ಪ್ರಯೋಜನವಿಲ್ಲ. ಏಕೆಂದರೆ ಆ ಭಾಗದಲ್ಲಿ SUBSTITUTE ಹೇಗೂ ಸ್ಪೇಸ್‌ಗಳನ್ನೆಲ್ಲ ತೆಗೆಯುತ್ತದೆ, TRIM ಇದ್ದರೂ ಇಲ್ಲದಿದ್ದರೂ ಉಳಿಯುವುದು ಅಷ್ಟೇ. TRIM ಇರಲೇಬೇಕಾದದ್ದು ಮೊದಲ LENನಲ್ಲಿ. ಎರಡೂ ಕಡೆ ಬರೆದರೆ ಬಾಧಕವಿಲ್ಲ, ಆದರೆ ಮೊದಲನೆಯದು ತಪ್ಪಬಾರದು.

```
=LEN(TRIM(A2))-LEN(SUBSTITUTE(A2," ",""))+1
```

ಒಂದು ಸಾಲಿನ, ಕೈಯಾರೆ ಟೈಪ್ ಮಾಡಿದ ಪಠ್ಯಕ್ಕೆ ಇಷ್ಟು ಸಾಕು. ಬೇರೆ ಕಡೆಯಿಂದ ನಕಲು ಮಾಡಿ ತಂದ ಪಠ್ಯಕ್ಕೆ ಸಾಲದು.

## ಹಂತ 4: ಸ್ಪೇಸ್‌ನಂತೆ ಕಾಣುವ, ಸ್ಪೇಸ್ ಅಲ್ಲದವು

ಹೆಚ್ಚು ಹಾಳೆಗಳು ಕೆಡುವುದು ಇಲ್ಲಿ. ಪದಗಳನ್ನು ಬೇರ್ಪಡಿಸುವ ಎರಡು ಸಂಗತಿಗಳನ್ನು ನಮ್ಮ ಸೂತ್ರ ನೋಡುವುದೇ ಇಲ್ಲ.

ಮೊದಲನೆಯದು ಸಾಲಿನ ಮುರಿತ. ಸೆಲ್ ಒಳಗೆ Alt ಮತ್ತು Enter ಒಟ್ಟಿಗೆ ಒತ್ತಿದಾಗ, ಅಥವಾ ವಾಟ್ಸ್ಆ್ಯಪ್ ಸಂದೇಶ ಅಂಟಿಸಿದಾಗ ಬರುವುದು ಇದು. ಎಕ್ಸೆಲ್‌ನಲ್ಲಿ ಇದರ ಸಂಕೇತ 10. ಮೊದಲ ಸಾಲಿನ ಕೊನೆಯ ಪದವೂ ಎರಡನೆಯ ಸಾಲಿನ ಮೊದಲ ಪದವೂ ಸೂತ್ರದ ಕಣ್ಣಿಗೆ ಒಂದೇ ಪದ. ಸೆಲ್‌ಗೆ ‘Wrap Text’ ಇಲ್ಲದಿದ್ದರೆ ನಮ್ಮ ಕಣ್ಣಿಗೂ ಅದು ‘ಇದೆನೀರು’ ಎಂಬಂತೆ ಅಂಟಿಕೊಂಡೇ ಕಾಣುತ್ತದೆ. ಹಾಗೆ ಕಂಡರೆ ಟೈಪ್ ಮಾಡಿದವನನ್ನು ಬೈಯುವ ಮೊದಲು ‘Wrap Text’ ಒತ್ತಿ ನೋಡಿ.

ಎರಡನೆಯದು ಮುರಿಯದ ಸ್ಪೇಸ್. ಜಾಲತಾಣದ ಪುಟಗಳಿಂದ ನಕಲು ಮಾಡಿದ ಪಠ್ಯದಲ್ಲಿ ಇದು ಹೆಚ್ಚು. ನೋಡಲು ಥೇಟ್ ಸ್ಪೇಸ್, ಆದರೆ ಸಾಮಾನ್ಯ ಸ್ಪೇಸ್‌ನ ಸಂಕೇತ 32, ಇದರದು 160. ಎಕ್ಸೆಲ್‌ನಲ್ಲಿ TRIM ಇದನ್ನು ಮುಟ್ಟುವುದಿಲ್ಲ, ನಮ್ಮ SUBSTITUTE ಕೂಡ ಮುಟ್ಟುವುದಿಲ್ಲ. A4ರಲ್ಲಿ ‘ಬಾಗಲಕೋಟೆ ವಿದ್ಯಾಗಿರಿಯಲ್ಲಿ ಮಳಿಗೆ ಬಾಡಿಗೆಗೆ’ ಎಂದಿದ್ದು, ನಾಲ್ಕು ಪದಗಳು ಕಣ್ಣೆದುರೇ ಇದ್ದರೂ ಸೂತ್ರ 1 ಎಂದರೆ, ಅಥವಾ ಪಠ್ಯದ ಒಂದು ಭಾಗ ಮಾತ್ರ ಲೆಕ್ಕಕ್ಕೆ ಸಿಕ್ಕಂತೆ 2, 3 ಎಂದರೆ ಇದರ ಮೇಲೆಯೇ ಸಂಶಯಪಡಬೇಕು. ಪರೀಕ್ಷಿಸಲು ಹೀಗೆ ಬರೆಯಿರಿ.

```
=FIND(UNICHAR(160),A4)
```

ಸಂಖ್ಯೆ ಬಂದರೆ ಅಂಥದ್ದು ಇದೆ, `#VALUE!` ಬಂದರೆ ಇಲ್ಲ. ನಮ್ಮ ಉದಾಹರಣೆಯಲ್ಲಿ 9 ಬರುತ್ತದೆ. ‘ಬಾಗಲಕೋಟೆ’ ನಮಗೆ ಐದಕ್ಷರವಾದರೂ ಎಕ್ಸೆಲ್‌ಗೆ ಎಂಟು ಸಂಕೇತ, ಅದರ ಮುಂದಿನದು ಒಂಬತ್ತನೆಯದು. ಆ ಜಾಗದಲ್ಲಿ ಕುಳಿತಿರುವುದು ಯಾವ ಸಂಕೇತ ಎಂದು ತಿಳಿಯಬೇಕಾದರೆ ಇದನ್ನು ಬಳಸಿ.

```
=UNICODE(MID(A4,9,1))
```

32 ಬಂದರೆ ಸಾಮಾನ್ಯ ಸ್ಪೇಸ್, 160 ಬಂದರೆ ಮುರಿಯದ ಸ್ಪೇಸ್, 10 ಬಂದರೆ ಸಾಲಿನ ಮುರಿತ. ಬೇರೆ ತಂತ್ರಾಂಶದಿಂದ ರಫ್ತು ಮಾಡಿದ ಕಡತಗಳಲ್ಲಿ 13 ಅಥವಾ 9 ಕೂಡ ಸಿಗಬಹುದು. ಎಕ್ಸೆಲ್ 2010ರಲ್ಲಿ UNICODE ಕೂಡ ಇಲ್ಲ, ಅದರ ಬದಲು CODE ಬರೆಯಿರಿ.

ಈಗ ಪರಿಹಾರ. B2ರಲ್ಲಿ ಇದನ್ನು ಹಾಕಿ.

```
=TRIM(SUBSTITUTE(SUBSTITUTE(A2,CHAR(10)," "),UNICHAR(160)," "))
```

ಒಳಗಿನಿಂದ ಹೊರಗೆ ಓದಿ. ಮೊದಲು ಸಾಲಿನ ಮುರಿತ ಸ್ಪೇಸ್ ಆಗುತ್ತದೆ, ಆಮೇಲೆ ಮುರಿಯದ ಸ್ಪೇಸ್ ಸಾಮಾನ್ಯ ಸ್ಪೇಸ್ ಆಗುತ್ತದೆ, ಎಲ್ಲಕ್ಕಿಂತ ಕೊನೆಗೆ TRIM. ಹಳೆಯ ಎಕ್ಸೆಲ್‌ನಲ್ಲಿ `UNICHAR(160)` ಇದ್ದಲ್ಲಿ `CHAR(160)` ಬರೆಯಿರಿ. ಪರೀಕ್ಷೆಯಲ್ಲಿ 13 ಅಥವಾ 9 ಕಂಡಿದ್ದರೆ ಅದಕ್ಕೂ ಇದೇ ರೀತಿ ಇನ್ನೊಂದು SUBSTITUTE ಸುತ್ತಿಸಿ, TRIM ಮಾತ್ರ ಹೊರಗೇ ಇರಲಿ.

ಈ ಅನುಕ್ರಮ ಬದಲಾದರೆ ಏನಾಗುತ್ತದೆ? ಗಿರಾಕಿ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಒತ್ತಿ, ಆಮೇಲೆ ಮುಂದಿನ ಸಾಲಿಗೆ ಹೋಗಿದ್ದಾನೆ ಎಂದಿಟ್ಟುಕೊಳ್ಳಿ. ಮೊದಲೇ TRIM ಮಾಡಿದರೆ ಅದಕ್ಕೆ ಅಲ್ಲಿ ಒಂದೇ ಸ್ಪೇಸ್ ಕಾಣುತ್ತದೆ, ಬಿಟ್ಟುಬಿಡುತ್ತದೆ. ಆಮೇಲೆ ಸಾಲಿನ ಮುರಿತ ಸ್ಪೇಸ್ ಆದಾಗ ಎರಡು ಸ್ಪೇಸ್ ಅಕ್ಕಪಕ್ಕ ಬಂದು ಕೂರುತ್ತವೆ, ಅವನ್ನು ಒಂದು ಮಾಡಲು TRIM ಈಗ ಇಲ್ಲ. ಒಂದು ಪದ ಹೆಚ್ಚಾಯಿತು. ಕಸ ಗುಡಿಸಿದ ಮೇಲೆ ಸೂರಿನ ಜೇಡ ತೆಗೆದಂತೆ.

CLEAN ಎಂಬುದನ್ನು ಬಳಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಸಾಲಿನ ಮುರಿತವನ್ನು ತೆಗೆಯುತ್ತದೆ ನಿಜ, ಆದರೆ ಅದರ ಜಾಗದಲ್ಲಿ ಏನನ್ನೂ ಇಡುವುದಿಲ್ಲ. ಎರಡು ಸಾಲುಗಳ ಪದಗಳು ಶಾಶ್ವತವಾಗಿ ಅಂಟಿಕೊಳ್ಳುತ್ತವೆ, ಆಮೇಲೆ ಅವನ್ನು ಬಿಡಿಸುವ ಸೂತ್ರವಿಲ್ಲ. ಬೇರೆ ಕೆಲಸಗಳಿಗೆ ಅದು ಒಳ್ಳೆಯದೇ ಇರಬಹುದು. ಪದ ಎಣಿಸುವ ಕೆಲಸಕ್ಕೆ ಅಲ್ಲ.

## ಹಂತ 5: ವಿರಾಮ ಚಿಹ್ನೆಗಳು

ಸೂತ್ರಕ್ಕೆ ಚಿಹ್ನೆ, ಅಂಕಿ, ಪದ ಎಂಬ ಭೇದವಿಲ್ಲ. ಎರಡು ಸ್ಪೇಸ್‌ಗಳ ನಡುವೆ ಏನಿದ್ದರೂ ಅದು ಒಂದು ಪದ. ಕನ್ನಡ ಟೈಪ್ ಮಾಡುವ ಅನೇಕರಿಗೆ ಅಲ್ಪವಿರಾಮದ ಮುಂಚೆಯೂ ಸ್ಪೇಸ್ ಒತ್ತುವ ರೂಢಿ ಇದೆ. ‘ನೀರು , ವಿದ್ಯುತ್’ ಎಂದು ಬರೆದರೆ ನಡುವಿನ ಅಲ್ಪವಿರಾಮವೇ ಒಂದು ಪದವಾಗಿ ಎಣಿಕೆಗೆ ಬರುತ್ತದೆ.

ಇದನ್ನು ಸರಿಪಡಿಸಲು ಹೋಗಿ ಸ್ಪೇಸ್ ಮತ್ತು ಅಲ್ಪವಿರಾಮವನ್ನು ಬರಿಯ ಅಲ್ಪವಿರಾಮವಾಗಿ ಬದಲಿಸುವವರಿದ್ದಾರೆ. ‘ನೀರು ,ವಿದ್ಯುತ್’ ಎಂದಿದ್ದಲ್ಲಿ ಅದು ‘ನೀರು,ವಿದ್ಯುತ್’ ಆಗಿ ಎರಡು ಪದ ಒಂದಾಗುತ್ತದೆ. ಅದಕ್ಕಾಗಿ ಸ್ಪೇಸನ್ನು ಅಲ್ಪವಿರಾಮದ ಹಿಂದಿನಿಂದ ತೆಗೆದು ಅದರ ಮುಂದೆ ಇಡಬೇಕು. ಆಗ ಕೆಲವೆಡೆ ಎರಡು ಸ್ಪೇಸ್ ಸೇರುತ್ತವೆ, ಆದ್ದರಿಂದ ಮತ್ತೊಮ್ಮೆ TRIM ಬೇಕು. C2ರಲ್ಲಿ ಹೀಗೆ ಬರೆಯಿರಿ. ಪೂರ್ಣವಿರಾಮಕ್ಕೂ ಇದರಲ್ಲೇ ವ್ಯವಸ್ಥೆ ಇದೆ.

```
=TRIM(SUBSTITUTE(SUBSTITUTE(B2," ,",", ")," .",". "))
```

ಇದರ ತದ್ವಿರುದ್ಧ ತಪ್ಪು ಇನ್ನೂ ಕಠಿಣ: ‘ಸೌಲಭ್ಯವಿದೆ.ಸಂಪರ್ಕಿಸಿ’. ಪೂರ್ಣವಿರಾಮದ ಬಳಿಕ ಸ್ಪೇಸ್ ಇಲ್ಲ, ಎರಡು ಪದ ಒಂದಾಗಿ ಬರುತ್ತದೆ. ಎಲ್ಲ ಪೂರ್ಣವಿರಾಮಗಳ ಮುಂದೆಯೂ ಒಂದು ಸ್ಪೇಸ್ ಸೇರಿಸುವ ಸೂತ್ರ ಬರೆಯುವುದು ಸುಲಭ. ಆದರೆ ಹಾಗೆ ಮಾಡಿದರೆ ‘2.5 ಎಕರೆ’ ಮೂರು ಪದವಾಗುತ್ತದೆ, ‘ಬಿ.ಎ.’ ಎರಡಾಗುತ್ತದೆ. ಜಮೀನು ಮಾರಾಟದ ಜಾಹೀರಾತುಗಳೇ ಹೆಚ್ಚಿರುವ ನಮ್ಮ ಕಡೆ ಇದು ನಡೆಯುವುದಿಲ್ಲ. ಅಲ್ಪವಿರಾಮದ್ದೂ ಅದೇ ಕಥೆ. ‘1,50,000’ ಮೂರು ತುಂಡಾಗುತ್ತದೆ.

ಹಾಗಾಗಿ ಈ ಒಂದು ತಪ್ಪನ್ನು ಸೂತ್ರ ತಿದ್ದುವುದು ಬೇಡ, ತೋರಿಸಿಕೊಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ. ತಿದ್ದುವುದು ಮನುಷ್ಯನ ಕಣ್ಣಿನ ಕೆಲಸ. ಮುಂದೆ ಸ್ಪೇಸ್ ಇಲ್ಲದ ಪೂರ್ಣವಿರಾಮಗಳು ಎಷ್ಟಿವೆ ಎಂದು E2ರಲ್ಲಿ ಇದು ಹೇಳುತ್ತದೆ. ಎರಡು ಸಾಲೂ ಸೇರಿ ಒಂದೇ ಸೂತ್ರ, ಅಂಟಿಸುವುದಾದರೆ ಮೊದಲು F2 ಒತ್ತಿ.

```
=LEN(C2)-LEN(SUBSTITUTE(C2,".",""))
 -(LEN(C2&" ")-LEN(SUBSTITUTE(C2&" ",". ","")))/2
```

ಇಲ್ಲಿಯೂ ಅದೇ LEN ಮತ್ತು SUBSTITUTE ಜೋಡಿ. ಮೊದಲ ಸಾಲು ಒಟ್ಟು ಪೂರ್ಣವಿರಾಮಗಳನ್ನು ಎಣಿಸುತ್ತದೆ. ಎರಡನೆಯದು ಸ್ಪೇಸ್ ಜೊತೆಗಿರುವವನ್ನು ಎಣಿಸಿ ಕಳೆಯುತ್ತದೆ. ‘ಪೂರ್ಣವಿರಾಮ ಮತ್ತು ಸ್ಪೇಸ್’ ಎಂಬುದು ಎರಡು ಸಂಕೇತಗಳ ಉದ್ದವಾದ್ದರಿಂದ ಎರಡರಿಂದ ಭಾಗಿಸಬೇಕು. ಭಾಗಿಸುವುದನ್ನು ಮರೆತರೆ ಉತ್ತರ ಋಣ ಸಂಖ್ಯೆಯಾಗುವುದೂ ಉಂಟು. `&" "` ಸೇರಿಸಿದ್ದು ಪಠ್ಯದ ಕೊನೆಯಲ್ಲಿರುವ ಪೂರ್ಣವಿರಾಮವನ್ನು ತಪ್ಪೆಂದು ತೋರಿಸದಿರಲಿ ಎಂದು.

E ಕಾಲಂನಲ್ಲಿ 0 ಇದ್ದ ಸಾಲುಗಳನ್ನು ಬಿಡಿ. ಬೇರೆ ಸಂಖ್ಯೆ ಇದ್ದ ಸಾಲುಗಳನ್ನು ಮಾತ್ರ ಓದಿ. ‘ಜಮಖಂಡಿ ಬಳಿ 2.5 ಎಕರೆ ನೀರಾವರಿ ಜಮೀನು ಮಾರಾಟಕ್ಕಿದೆ’ ಎಂಬಲ್ಲಿ 1 ಬರುತ್ತದೆ, ಆದರೆ ಅಲ್ಲಿ ತಿದ್ದಲು ಏನೂ ಇಲ್ಲ. ಪದಗಳು ಏಳೇ.

ಎರಡೂ ಬದಿ ಸ್ಪೇಸ್ ಇರುವ ಅಡ್ಡಗೆರೆಯೂ ಒಂದು ಪದವಾಗುತ್ತದೆ. ಮೊಬೈಲ್ ಸಂಖ್ಯೆಯನ್ನು ನಡುವೆ ಜಾಗ ಬಿಟ್ಟು ಎರಡು ತುಂಡಾಗಿ ಬರೆದರೆ ಅದು ಎರಡು ಪದ. ಇವನ್ನು ಎಣಿಸಬೇಕೋ ಬೇಡವೋ ಎಂಬುದು ಪತ್ರಿಕೆಯ ನಿಯಮ, ಸೂತ್ರದ್ದಲ್ಲ. ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

## ಹಂತ 6: ಎಣಿಕೆಯ ಸೂತ್ರ ಮತ್ತು ಖಾಲಿ ಸೆಲ್

D2ರಲ್ಲಿ ಕೊನೆಯ ಸೂತ್ರ.

```
=IF(C2="",0,LEN(C2)-LEN(SUBSTITUTE(C2," ",""))+1)
```

IF ಏಕೆ ಎಂದರೆ, ಖಾಲಿ ಸೆಲ್‌ನಲ್ಲಿ ವ್ಯತ್ಯಾಸ ಸೊನ್ನೆಯಾದರೂ ಕೊನೆಯ `+1` ಸುಮ್ಮನಿರುವುದಿಲ್ಲ, ಒಂದು ಪದ ಇದೆ ಎನ್ನುತ್ತದೆ. ಸೂತ್ರವನ್ನು ನೂರು ಸಾಲಿನವರೆಗೆ ಎಳೆದು, ಜಾಹೀರಾತು ಎಪ್ಪತ್ತು ಮಾತ್ರ ಇದ್ದರೆ ಮೊತ್ತದಲ್ಲಿ ಇಲ್ಲದ ಮೂವತ್ತು ಪದಗಳು ಸೇರಿರುತ್ತವೆ. ಬರಿಯ ಸ್ಪೇಸ್ ಒತ್ತಿ ಬಿಟ್ಟ ಸೆಲ್ ಕೂಡ ಖಾಲಿಯಂತೆ ಕಂಡು ಖಾಲಿಯಾಗಿರುವುದಿಲ್ಲ. ನಾವು A2 ಬದಲು C2 ನೋಡುತ್ತಿರುವುದರಿಂದ, TRIM ಅದನ್ನು ಆಗಲೇ ಬರಿದು ಮಾಡಿರುತ್ತದೆ.

B2ರಿಂದ E2ವರೆಗೆ ಆರಿಸಿ, ಕೆಳಗಿನ ಮೂಲೆಯ ಹಿಡಿಕೆ ಹಿಡಿದು ಕೊನೆಯ ಸಾಲಿನವರೆಗೆ ಎಳೆಯಿರಿ.

## ಒಂದು ಜಾಹೀರಾತು, ಐದು ಉತ್ತರ

ಈಗ ನಿಜವಾದ ಹಾಳೆಯ A2ರಲ್ಲಿ ಈ ಪಠ್ಯ ಇದೆ ಎಂದುಕೊಳ್ಳಿ, ಎರಡು ಸಾಲುಗಳಲ್ಲಿ:

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ 2 ಕೊಠಡಿಗಳ ಮನೆ ಬಾಡಿಗೆಗೆ ಇದೆ
ನೀರು , ವಿದ್ಯುತ್ ಸೌಲಭ್ಯವಿದೆ.ಸಂಪರ್ಕಿಸಿ

‘ರಸ್ತೆಯಲ್ಲಿ’ ಆದ ಮೇಲೆ ಎರಡು ಸ್ಪೇಸ್ ಇವೆ. ಕೊನೆಯಲ್ಲೂ ಒಂದು ಸ್ಪೇಸ್ ಉಳಿದಿದೆ. ಅಂಕಿಯನ್ನೂ ಒಂದು ಪದವೆಂದು ಹಿಡಿದು ಕೈಯಲ್ಲಿ ಎಣಿಸಿದರೆ ಮೊದಲ ಸಾಲಿನಲ್ಲಿ ಎಂಟು, ಎರಡನೆಯದರಲ್ಲಿ ನಾಲ್ಕು, ಒಟ್ಟು ಹನ್ನೆರಡು ಪದ.

TRIM ಇಲ್ಲದ ಬರಿಯ ಸೂತ್ರ 13 ಎನ್ನುತ್ತದೆ. TRIM ಸೇರಿಸಿದರೆ ಹೆಚ್ಚುವರಿ ಎರಡು ಸ್ಪೇಸ್ ಹೋಗಿ 11 ಬರುತ್ತದೆ. ಸಾಲಿನ ಮುರಿತವನ್ನು ಸ್ಪೇಸ್ ಮಾಡಿದರೆ, ಅಂದರೆ B2ರ ಪಠ್ಯವನ್ನು ಎಣಿಸಿದರೆ, 12.

ಬಹುತೇಕರು ಇಲ್ಲಿಗೆ ನಿಲ್ಲಿಸುತ್ತಾರೆ, ಕೈಲೆಕ್ಕಕ್ಕೆ ಸರಿಹೊಂದಿತಲ್ಲ ಎಂದು. ಆದರೆ ಈ ಹನ್ನೆರಡು ಸರಿಯಾದ ಹನ್ನೆರಡಲ್ಲ. ಒಂಟಿ ಅಲ್ಪವಿರಾಮ ಒಂದು ಪದವಾಗಿ ಸೇರಿದೆ, ‘ಸೌಲಭ್ಯವಿದೆ.ಸಂಪರ್ಕಿಸಿ’ ಒಂದು ಪದವನ್ನು ನುಂಗಿದೆ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿವೆ. ಈ ಹಾಳೆಯನ್ನು ಸರಿಯೆಂದು ನಂಬಿ ಮುಂದಿನ ಜಾಹೀರಾತಿಗೆ ಹೋದರೆ, ಅಲ್ಲಿ ಅಲ್ಪವಿರಾಮದ ತಪ್ಪು ಮಾತ್ರ ಇದ್ದು ಲೆಕ್ಕ ಕೆಡುತ್ತದೆ, ‘ನಿನ್ನೆ ಸರಿಯಿತ್ತು, ಇವತ್ತು ಕೆಟ್ಟಿತು’ ಎಂಬ ದೂರು ಹುಟ್ಟುತ್ತದೆ.

C2ರಲ್ಲಿ ಅಲ್ಪವಿರಾಮ ಸರಿಹೋದಾಗ D2 ಮತ್ತೆ 11ಕ್ಕೆ ಇಳಿಯುತ್ತದೆ. ಇಳಿದದ್ದು ನೋಡಿ ಹೆದರಬೇಡಿ, ಒಂದು ತಪ್ಪು ಹೋಗಿದೆ ಎಂದಷ್ಟೇ ಅರ್ಥ. E2 ಈಗ 1 ಎನ್ನುತ್ತಿದೆ. ಪಠ್ಯ ಓದಿ, A2ರಲ್ಲಿ ‘ಸೌಲಭ್ಯವಿದೆ.’ ಆದ ಮೇಲೆ ಒಂದು ಸ್ಪೇಸ್ ಒತ್ತಿ. ಮೂಲವನ್ನು ಮುಟ್ಟದಿರಿ ಎಂದು ಮೊದಲು ಹೇಳಿದ್ದಕ್ಕೆ ಇದೊಂದೇ ಅಪವಾದ, ಏಕೆಂದರೆ B ಮತ್ತು C ಎರಡರಲ್ಲೂ ಸೂತ್ರಗಳಿವೆ. ವಾಟ್ಸ್ಆ್ಯಪ್‌ನಲ್ಲಿ ಗಿರಾಕಿಯ ಸಂದೇಶ ಹೇಗೂ ಇದ್ದೇ ಇರುತ್ತದೆ. D2 ಈಗ 12 ಆಗುತ್ತದೆ, E2 ಸೊನ್ನೆ.

ಇದರ ಮೇಲೆ ಹಣದ ಲೆಕ್ಕ. ಉದಾಹರಣೆಗೆ ಮೊದಲ 10 ಪದಕ್ಕೆ 100 ರೂಪಾಯಿ, ಆಮೇಲೆ ಪದಕ್ಕೆ 8 ರೂಪಾಯಿ ಎಂಬ ದರವಿದ್ದರೆ F2ರಲ್ಲಿ ಹೀಗೆ ಬರೆಯಿರಿ.

```
=IF(D2=0,0,100+MAX(0,D2-10)*8)
```

ಹನ್ನೆರಡು ಪದಕ್ಕೆ 116 ರೂಪಾಯಿ. ಮೊದಲ ಸೂತ್ರವನ್ನೇ ನಂಬಿದ್ದರೆ 124, TRIM ಹಾಕಿ ಬಿಟ್ಟಿದ್ದರೆ 108. MAX ಇಲ್ಲದಿದ್ದರೆ ಏಳು ಪದಗಳ ಜಮಖಂಡಿ ಜಮೀನಿನ ಜಾಹೀರಾತಿಗೆ 100ರ ಬದಲು 76 ಬರುತ್ತಿತ್ತು.

## ಉತ್ತರ ನೋಡಿಯೇ ಹಿಡಿಯಬಹುದಾದ ಲಕ್ಷಣಗಳು

ಎಲ್ಲ ಸಾಲುಗಳಲ್ಲೂ 1 ಇದ್ದರೆ ಉದ್ಧರಣ ಚಿಹ್ನೆಯ ನಡುವಿನ ಸ್ಪೇಸ್ ಬಿಟ್ಟುಹೋಗಿದೆ. ಒಂದೆರಡು ಉದ್ದ ಜಾಹೀರಾತುಗಳಿಗೆ ಮಾತ್ರ 1 ಅಥವಾ ತೀರ ಕಡಿಮೆ ಸಂಖ್ಯೆ ಬಂದಿದ್ದರೆ 160ರ ಕಾಟ. ಸಾಲುಗಳು ಹೆಚ್ಚಿದ್ದಷ್ಟೂ ಎಣಿಕೆ ಕಡಿಮೆಯಾಗುತ್ತಿದ್ದರೆ CHAR(10) ಬದಲಾಗಿಲ್ಲ. ಉತ್ತರ ಸದಾ ಒಂದು ಹೆಚ್ಚಿದ್ದರೆ ಕೊನೆಯ ಸ್ಪೇಸ್ ಉಳಿದಿದೆ, TRIM ತಪ್ಪು ಜಾಗದಲ್ಲಿದೆ. ಸದಾ ಒಂದು ಕಡಿಮೆಯಿದ್ದರೆ `+1` ಬಿಟ್ಟಿದ್ದೀರಿ.

‘ರಾಜ್‌ಕುಮಾರ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. LEN ಅದನ್ನೂ ಎಣಿಸುತ್ತದೆ, ಆದರೆ ಅದು ಸ್ಪೇಸ್ ಅಲ್ಲದ್ದರಿಂದ ಪದದ ಲೆಕ್ಕಕ್ಕೆ ಬಾಧಕವಿಲ್ಲ. ಅದನ್ನು ಹುಡುಕಿ ಸ್ಪೇಸ್ ಮಾಡಲು ಹೋದರೆ ಮಾತ್ರ ಒಂದು ಹೆಸರು ಎರಡು ಪದವಾಗುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿರುವ ಪಠ್ಯವನ್ನಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಈ ಕಾಲಂಗಳಿಗೆ ತನ್ನಿ.

‘ಬಾಡಿಗೆಗೆ ಇದೆ’ ಎಂದರೆ ಎರಡು ಪದ, ‘ಬಾಡಿಗೆಗಿದೆ’ ಎಂದರೆ ಒಂದು. ಎಂಟು ರೂಪಾಯಿ ಉಳಿಸಲು ಗಿರಾಕಿ ಸಂಧಿ ಮಾಡಿಕೊಂಡು ಬಂದರೆ ಸೂತ್ರ ಅವನ ಪರವೇ ನಿಲ್ಲುತ್ತದೆ, ನಾವೂ ನಿಲ್ಲಬೇಕು.

## ಹಾಳೆಯನ್ನು ಪತ್ರಿಕೆಗೆ ಕಳಿಸುವಾಗ

ಪತ್ರಿಕೆಗೆ ಬೇಕಾದದ್ದು C ಮತ್ತು D ಮಾತ್ರ. ಅವನ್ನು ಆರಿಸಿ ನಕಲು ಮಾಡಿ, ಹೊಸ ಹಾಳೆಯಲ್ಲಿ ‘Paste Special’ ಮೂಲಕ ‘Values’ ಎಂದು ಅಂಟಿಸಿ. ಹಾಗೆ ಮಾಡದೆ A ಕಾಲಂ ಅಳಿಸಿದರೆ ಉಳಿದದ್ದೆಲ್ಲ `#REF!` ಆಗುತ್ತದೆ. ಕಡತವನ್ನು ಸಿಎಸ್‌ವಿ ರೂಪದಲ್ಲಿ ಕೇಳಿದ್ದರೆ ಉಳಿಸುವಾಗ ‘CSV UTF-8’ ಎಂಬುದನ್ನೇ ಆರಿಸಿ. ಹಳೆಯ ಸಿಎಸ್‌ವಿ ಆಯ್ಕೆಯಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತದೆ. ಸ್ಪೇಸ್‌ಗಳು ಉಳಿದಿರುವುದರಿಂದ ಪದಗಳ ಎಣಿಕೆ ಆಗಲೂ ಸರಿಯಾಗಿಯೇ ಇರುತ್ತದೆ, ಹಾಗಾಗಿ D ಕಾಲಂ ಒಂದನ್ನೇ ನೋಡಿದವನಿಗೆ ಪಠ್ಯ ಹಾಳಾದದ್ದು ತಿಳಿಯುವುದಿಲ್ಲ. ಕಳಿಸುವ ಮುನ್ನ ಆ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಎರಡು ಜಾಹೀರಾತುಗಳನ್ನು ಓದಿ ನೋಡಿ.